ವಿಜ್ಞಾನಿಗೊಂದು ಆಹ್ವಾನ ಪತ್ರ

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ನೆನಪಿಗೆ ಆಚರಿಸುವ ಈ ದಿನ ಎಲ್ಲ ಶಾಲೆಗಳಿಗೂ ವಿಜ್ಞಾನಿಗಳೇ ಬೇಕು. ಹತ್ತನೇ ತರಗತಿಯವರಿಗಂತೂ ಆಗ ಪರೀಕ್ಷೆಯ ಒತ್ತಡ. ಹಾಗಾಗಿ ಹಳ್ಳಿಯ ಪ್ರೌಢಶಾಲೆ ನಿವೃತ್ತ ವಿಜ್ಞಾನಿಯನ್ನು ಡಿಸೆಂಬರ್‌ಗೇ ಕರೆಯುವುದು ಜಾಣತನ. ಎರಡು ಮೂರು ದಿನಾಂಕ ಸೂಚಿಸಿ, ಆಯ್ಕೆಯನ್ನು ಅವರಿಗೇ ಬಿಡಬೇಕು.

ಇಂಥ ಪತ್ರಗಳು ಸೋಲುವುದು ವಿಷಯದ ಸಾಲಿನಲ್ಲಿ. ‘ವಿಜ್ಞಾನದ ಮಹತ್ವ ಕುರಿತು ಮಾತನಾಡಿ’ ಎಂದರೆ ಬರುವವರಿಗೆ ಏನು ಸಿದ್ಧಮಾಡಿಕೊಳ್ಳಬೇಕೆಂದೇ ತಿಳಿಯದು. ಅದರ ಬದಲು ಹೀಗೆ ಬರೆಯಬಹುದು: ‘ಮಾನ್ಯರೆ, ನಮ್ಮ ಮಕ್ಕಳು ಬೆಳಕಿನ ಚದುರುವಿಕೆಯ ಪಾಠ ಓದಿದ್ದಾರೆ. ಆಕಾಶ ಏಕೆ ನೀಲಿ ಎಂದು ಹೇಳಬಲ್ಲರು. ಸಮುದ್ರದ ನೀಲಿಗೆ ಆಕಾಶದ ಪ್ರತಿಬಿಂಬವಷ್ಟೇ ಕಾರಣವೇ ಎಂದು ಕೇಳಿದರೆ ತಡವರಿಸುತ್ತಾರೆ. 1921ರ ಹಡಗು ಪ್ರಯಾಣದಲ್ಲಿ ರಾಮನ್ ಅವರನ್ನು ಕಾಡಿದ ಈ ಪ್ರಶ್ನೆಯನ್ನು ತಾವು ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂದು ಕೋರಿಕೆ. ಮಾತಿಗೆ ಅರ್ಧ ಗಂಟೆ, ಪ್ರಶ್ನೆಗಳಿಗೆ ಇನ್ನರ್ಧ ಗಂಟೆ.’

ಮಕ್ಕಳೇ ಬರೆದ ನಾಲ್ಕೈದು ಪ್ರಶ್ನೆಗಳ ಹಾಳೆಯನ್ನು ತಿದ್ದದೆ ಲಗತ್ತಿಸಿದರೆ, ಎಲ್ಲಿಂದ ಶುರುಮಾಡಬೇಕೆಂದು ಅವರಿಗೆ ಗೊತ್ತಾಗುತ್ತದೆ.

ಉಳಿದದ್ದು ವ್ಯವಸ್ಥೆ. ಕರೆಂಟ್ ಹೋಗುವ ಊರಾದರೆ ಅದನ್ನೂ ಬರೆಯಿರಿ. ಪ್ರೊಜೆಕ್ಟರ್ ನಂಬಿ ಬಂದವರು ಪೇಚಿಗೆ ಸಿಲುಕಬಾರದು. ಗಾಜಿನ ಲೋಟ, ನೀರು, ನಾಲ್ಕು ಹನಿ ಹಾಲು, ಟಾರ್ಚ್ ಸಿದ್ಧವಿರುತ್ತವೆ ಎಂದು ತಿಳಿಸಿದರೆ ಚದುರುವಿಕೆಯನ್ನು ಅಲ್ಲೇ ತೋರಿಸಬಹುದು. ವಯಸ್ಸಾದವರಾದ್ದರಿಂದ ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಕರೆತರುತ್ತಾರೆ, ಸಂಜೆ ಎಷ್ಟರೊಳಗೆ ಮನೆ ತಲುಪಿಸುತ್ತಾರೆ ಎಂಬುದು ಸ್ಪಷ್ಟವಿರಲಿ. ಗೌರವಧನ ಕೊಡಲಾಗದಿದ್ದರೆ ಅದನ್ನೂ ನೇರವಾಗಿ ಹೇಳಿ, ಪ್ರಯಾಣದ ವೆಚ್ಚ ಶಾಲೆಯದೆಂದು ಬರೆಯಿರಿ. ಮುಖ್ಯೋಪಾಧ್ಯಾಯರ ಸಹಿಯ ಕೆಳಗೆ ವಿಜ್ಞಾನ ಶಿಕ್ಷಕರ ಫೋನ್ ನಂಬರ್ ಇರಲಿ.