ಐವತ್ತಕ್ಕೆ ಇಪ್ಪತ್ತು ಸೇರಿದರೆ ಅರವತ್ತು

ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳ ಗಾಜಿನ ಮೇಲೆ ಕೆಂಪು ಅಕ್ಷರದ ಪೋಸ್ಟರುಗಳು ಏಳುತ್ತವೆ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು. ಹಳೆಯ ದಾಸ್ತಾನು ಕರಗಬೇಕು, ಶ್ರಾವಣದ ಹೊಸ ಮಾಲಿಗೆ ಜಾಗವಾಗಬೇಕು. ಈ ಪೋಸ್ಟರುಗಳಲ್ಲಿ ಒಂಟಿ ಅಂಕಿಗಿಂತ ಜೋಡಿ ಅಂಕಿ ಹೆಚ್ಚು ಕಣ್ಣಿಗೆ ಬೀಳುತ್ತದೆ: ‘ಫ್ಲಾಟ್ 50% + ಹೆಚ್ಚುವರಿ 20%’. ನಡುವೆ ಇರುವುದು ನಾವು ಒಂದನೇ ತರಗತಿಯಲ್ಲೇ ಕಲಿತ ಕೂಡುವ ಚಿಹ್ನೆ. ಹಾಗಾಗಿ ಮನಸ್ಸು ತಾನಾಗಿಯೇ ಎಪ್ಪತ್ತು ಎಂದು ಓದಿಬಿಡುತ್ತದೆ.

4,000 ರೂಪಾಯಿ ಚೀಟಿ ಇರುವ ಒಂದು ಸೀರೆ ಹಿಡಿದುಕೊಂಡು ಕೌಂಟರಿಗೆ ಹೋದವರು 1,200 ರೂಪಾಯಿ ಎಣಿಸಿಟ್ಟುಕೊಂಡಿರುತ್ತಾರೆ. ಬಿಲ್ಲು 1,600ಕ್ಕೆ ಬರುತ್ತದೆ.

‘ಅಣ್ಣಾ, ಸೆವೆಂಟಿ ಪರ್ಸೆಂಟ್ ಅಲ್ವಾ?’

‘ಇಲ್ಲ ಮೇಡಂ, ಫಿಫ್ಟಿ ಕಳೆದ್ಮೇಲೆ ಉಳಿಯುತ್ತಲ್ಲ, ಅದರ ಮೇಲೆ ಟ್ವೆಂಟಿ.’

ಕೌಂಟರಿನ ಹುಡುಗ ಸರಿಯಾಗಿಯೇ ಹೇಳಿದ್ದಾನೆ. ಮೊದಲ ರಿಯಾಯಿತಿಯಲ್ಲಿ 4,000ದ ಅರ್ಧ, ಅಂದರೆ 2,000 ಹೋಯಿತು. ಎರಡನೆಯ ಶೇಕಡಾ 20ನ್ನು ಲೆಕ್ಕ ಹಾಕುವಾಗ ಎದುರಿಗಿರುವುದು 4,000 ಅಲ್ಲ, ಉಳಿದ 2,000. ಅದರ ಶೇಕಡಾ 20 ಎಂದರೆ 400. ಹೀಗೆ ಒಟ್ಟು ಕಡಿತ 2,400 ರೂಪಾಯಿ. 4,000ಕ್ಕೆ ಇದು ಶೇಕಡಾ 60.

ಹಾಗಾದರೆ ನಾವು ನಿರೀಕ್ಷಿಸಿದ ಇನ್ನೊಂದು 400 ರೂಪಾಯಿ ಎಲ್ಲಿ ಹೋಯಿತು? ಶೇಕಡಾ 20ನ್ನು ಪೂರ್ತಿ 4,000ಕ್ಕೆ ಹಾಕಿದರೆ 800 ಬರುತ್ತದೆ. ಆ ಎಂಟುನೂರರಲ್ಲಿ ಅರ್ಧ, ನಾವು ಕೊಡಲೇಬೇಕಿಲ್ಲದ 2,000ದ ಮೇಲಿನ ರಿಯಾಯಿತಿ. ಆಗಲೇ ಬಿಟ್ಟುಕೊಟ್ಟ ಹಣದಲ್ಲಿ ಮತ್ತೆ ಬಿಡಿಸಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಶೇಕಡಾ ಎನ್ನುವುದು ಯಾವಾಗಲೂ ಯಾವುದೋ ಒಂದು ಮೊತ್ತದ ಶೇಕಡಾ. ಆ ಮೊತ್ತವೇ ಬೇರೆಯಾದ ಮೇಲೆ ಎರಡು ಶೇಕಡಾಗಳನ್ನು ಕೂಡಿದರೆ ಸಿಗುವ ಅಂಕಿ ಯಾವುದರ ಶೇಕಡಾವೂ ಅಲ್ಲ. ಅನುಮಾನವಿದ್ದರೆ ‘50% + 50%’ ಎಂಬ ಪೋಸ್ಟರನ್ನು ಊಹಿಸಿಕೊಳ್ಳಿ. ಕೂಡಿದರೆ ಸೀರೆ ಪುಕ್ಕಟೆ. ‘60% + 50%’ ಆದರಂತೂ ಅಂಗಡಿಯವರೇ ನಮಗೆ 400 ರೂಪಾಯಿ ಕೊಟ್ಟು ಕಳಿಸಬೇಕು!

ಕಡಿತವನ್ನು ಬಿಟ್ಟು ಉಳಿಕೆಯನ್ನು ನೋಡಿದರೆ ಲೆಕ್ಕ ಸಲೀಸಾಗುತ್ತದೆ. ಶೇಕಡಾ 50 ಬಿಟ್ಟರೆ ನಾವು ಕೊಡಬೇಕಾದದ್ದು ರೂಪಾಯಿಗೆ 50 ಪೈಸೆ. ಅದರಲ್ಲೂ ಶೇಕಡಾ 20 ಬಿಟ್ಟರೆ ಆ 50 ಪೈಸೆಯಲ್ಲಿ ಕೊಡಬೇಕಾದದ್ದು ಶೇಕಡಾ 80, ಅಂದರೆ 40 ಪೈಸೆ. 0.5 × 0.8 = 0.4. ಬೆಲೆಯನ್ನು 0.4ರಿಂದ ಗುಣಿಸಿದರೆ ಬಿಲ್ಲು ಬಂತು. ಎಷ್ಟು ರಿಯಾಯಿತಿಗಳಿದ್ದರೂ ಉಳಿಕೆಗಳನ್ನು ಒಂದಕ್ಕೊಂದು ಗುಣಿಸುತ್ತಾ ಹೋಗುವುದಷ್ಟೇ ಕೆಲಸ.

ಗುಣಾಕಾರವಾದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಮುಖ್ಯವಲ್ಲ. ಅದೇ ಸೀರೆಗೆ ಮೊದಲು ಶೇಕಡಾ 20 ಬಿಡಿ: 3,200. ಆಮೇಲೆ ಅರ್ಧ ಮಾಡಿ: 1,600. ಬಿಲ್ಲು ಅದೇ, ಆದರೆ ಹೆಸರಿನ ಮುಂದೆ ಬೀಳುವ ಹಣ ಬೇರೆ. ಈ ಕ್ರಮದಲ್ಲಿ ‘ಇಪ್ಪತ್ತು’ ಎಂಬ ರಿಯಾಯಿತಿ 800 ರೂಪಾಯಿ ಉಳಿಸಿದಂತೆ ಕಾಣುತ್ತದೆ, ಹಿಂದಿನ ಕ್ರಮದಲ್ಲಿ ಬರೀ 400. ದೊಡ್ಡ ಕಡಿತದ ಹಿಂದೆ ಬರುವ ‘ಹೆಚ್ಚುವರಿ 20%’ ಅಂಗಡಿಗೆ ತಗಲುವುದು ಮೂಲ ಬೆಲೆಯ ಶೇಕಡಾ 10 ಮಾತ್ರ. ಜೋಡಿ ಅಂಕಿಯ ಪೋಸ್ಟರು ಅಷ್ಟೊಂದು ಜನಪ್ರಿಯವಾಗಿರುವುದರಲ್ಲಿ ನನಗಂತೂ ಆಶ್ಚರ್ಯವೇನಿಲ್ಲ.

ಅಂಗಡಿಯಲ್ಲಿ ನಿಂತು ದಶಮಾಂಶ ಗುಣಿಸುವ ತಾಳ್ಮೆ ಇಲ್ಲದವರಿಗೆ ಒಂದು ಒಳದಾರಿ ಇದೆ. ಎರಡು ಶೇಕಡಾಗಳನ್ನು ಕೂಡಿ, ಅವೆರಡರ ಗುಣಲಬ್ಧವನ್ನು ನೂರರಿಂದ ಭಾಗಿಸಿ ಕಳೆಯಿರಿ. 30 ಮತ್ತು 20 ಎಂದರೆ ಕೂಡಿದರೆ 50, ಗುಣಿಸಿ ಭಾಗಿಸಿದರೆ 6. ನಿಜವಾದ ರಿಯಾಯಿತಿ 44. ಕಳೆಯುವ ಈ 6 ಏನೆಂದರೆ, ಆಗಲೇ ಹೋದ 30ರ ಶೇಕಡಾ 20. ಸೀರೆಯ ಲೆಕ್ಕದಲ್ಲಿ ನಾವು ಹುಡುಕಿದ 400 ರೂಪಾಯಿಯೂ ಇದೇ.

ಕಳೆಯಬೇಕಾದ ಈ ಭಾಗ ಎಲ್ಲ ಜೋಡಿಗಳಿಗೂ ಒಂದೇ ಅಲ್ಲ. 50+10, 40+20, 30+30 ಮೂರನ್ನೂ ಕೂಡಿದರೆ 60. ನಿಜವಾಗಿ ಸಿಗುವುದು ಕ್ರಮವಾಗಿ 55, 52 ಮತ್ತು 51. ಎರಡು ಭಾಗಗಳು ಒಂದಕ್ಕೊಂದು ಹತ್ತಿರವಾದಷ್ಟೂ ಗುಣಲಬ್ಧ ದೊಡ್ಡದಾಗುತ್ತದೆ, ಕೊಳ್ಳುವವರಿಗೆ ಖೋತಾ ಹೆಚ್ಚುತ್ತದೆ. ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ 2,500 ರೂಪಾಯಿಯ ಒಂದೇ ಪ್ಯಾಂಟಿದೆ ಎಂದಿಟ್ಟುಕೊಳ್ಳಿ. ಒಂದು ಕಡೆ ‘ನೇರ 60%’, ಇನ್ನೊಂದು ಕಡೆ ‘40% + 25%’. ಎರಡನೆಯದರ ಮೊತ್ತ 65 ಆಗುವುದರಿಂದ ಕಾಲು ಅತ್ತ ಎಳೆಯುತ್ತದೆ. ಮೊದಲ ಅಂಗಡಿಯಲ್ಲಿ ಪ್ಯಾಂಟು 1,000ಕ್ಕೆ ಸಿಗುತ್ತದೆ. ಎರಡನೆಯದರಲ್ಲಿ 2,500 ಮೊದಲು 1,500 ಆಗಿ, ಆಮೇಲೆ 1,125ಕ್ಕೆ ನಿಲ್ಲುತ್ತದೆ.

ಸರಣಿ ರಿಯಾಯಿತಿ ಬಟ್ಟೆ ಅಂಗಡಿಗಳು ಹುಟ್ಟುಹಾಕಿದ ಜಾಣತನವೇನಲ್ಲ. ಸಗಟು ವ್ಯಾಪಾರದಲ್ಲಿ ಇದು ಹಳೆಯ ಪದ್ಧತಿ. ಎಲೆಕ್ಟ್ರಿಕಲ್, ಹಾರ್ಡ್‌ವೇರ್, ನಲ್ಲಿ ಸಾಮಾನಿನ ವ್ಯಾಪಾರಿಗಳು ಲಿಸ್ಟ್ ಪ್ರೈಸ್ ಮೇಲೆ ‘ಇಪ್ಪತ್ತು, ಹತ್ತು, ಐದು’ ಎಂದು ಮಾತಾಡಿಕೊಳ್ಳುತ್ತಾರೆ. 10,000ದ ಮಾಲು 8,000ಕ್ಕೆ, ಅಲ್ಲಿಂದ 7,200ಕ್ಕೆ, ಕೊನೆಗೆ 6,840ಕ್ಕೆ ಇಳಿಯುತ್ತದೆ. ಸಿಕ್ಕಿದ್ದು 31.6, 35 ಅಲ್ಲ. ಇಲ್ಲಿ ಯಾರೂ ಮೋಸ ಹೋಗುವುದಿಲ್ಲ, ಏಕೆಂದರೆ ಇಬ್ಬರಿಗೂ ಲೆಕ್ಕ ಗೊತ್ತು. ಬಿಡಿಬಿಡಿಯಾಗಿ ಹೇಳುವುದಕ್ಕೆ ಕಾರಣವೂ ಇದೆ. ಮೊದಲನೆಯದು ವ್ಯಾಪಾರಿ ಎಂಬ ಕಾರಣಕ್ಕೆ, ಎರಡನೆಯದು ಹೆಚ್ಚು ಮಾಲು ಎತ್ತಿದ್ದಕ್ಕೆ, ಕೊನೆಯ ಐದು ಸಾಲ ಹೇಳದೆ ಕೂಡಲೇ ಹಣ ಕೊಟ್ಟರೆ ಮಾತ್ರ. ಒಂದು ಷರತ್ತು ತಪ್ಪಿದರೆ ಅಷ್ಟನ್ನೇ ತೆಗೆದುಹಾಕಬಹುದು.

ಆದರೆ ‘ಕ್ರಮ ಮುಖ್ಯವಲ್ಲ’ ಎಂಬ ಮಾತು ಎರಡೂ ಶೇಕಡಾ ಆಗಿದ್ದಾಗ ಮಾತ್ರ ನಿಲ್ಲುತ್ತದೆ. ನಡುವೆ ಇಷ್ಟೇ ರೂಪಾಯಿ ಎಂಬ ಕೂಪನ್ ಬಂದರೆ ಕ್ರಮವೇ ಎಲ್ಲ. 3,000 ರೂಪಾಯಿಯ ಖರೀದಿಗೆ ಶೇಕಡಾ 20ರ ರಿಯಾಯಿತಿಯೂ 500 ರೂಪಾಯಿಯ ಕೂಪನ್ನೂ ಇದೆ ಎನ್ನಿ. ಮೊದಲು ಶೇಕಡಾ ಬಿಟ್ಟರೆ 2,400, ಆಮೇಲೆ ಕೂಪನ್ ಕಳೆದರೆ 1,900. ಕೂಪನ್ ಮೊದಲು ಕಳೆದರೆ 2,500, ಅದರಲ್ಲಿ ಶೇಕಡಾ 20 ಬಿಟ್ಟರೆ 2,000. ವ್ಯತ್ಯಾಸದ 100 ರೂಪಾಯಿ ಎಂದರೆ 500ರ ಶೇಕಡಾ 20. ಕೂಪನ್ ಮೊದಲೇ ಕಳೆದಾಗ ಅದರ ಮೇಲಿನ ಶೇಕಡಾ ರಿಯಾಯಿತಿ ಕೈತಪ್ಪುತ್ತದೆ. ಕೊಳ್ಳುವವರಿಗೆ ಕೂಪನ್ ಕೊನೆಗೆ ಬರುವುದೇ ಲಾಭ. ಆದರೆ ಕೂಪನ್ನಿಗೆ ‘ಕನಿಷ್ಠ 2,500ರ ಖರೀದಿ’ ಎಂಬ ಷರತ್ತಿದ್ದು, ಅದನ್ನು ರಿಯಾಯಿತಿ ಕಳೆದ ಮೊತ್ತದ ಮೇಲೆ ನೋಡಿದರೆ, ನಮ್ಮ 2,400ಕ್ಕೆ ಕೂಪನ್ ಓಡುವುದೇ ಇಲ್ಲ. ಆಗ ಇನ್ನೂ ಒಂದು ಜೊತೆ ಕಾಲುಚೀಲವನ್ನು ಕಾರ್ಟಿಗೆ ಹಾಕುವುದು ಜಿಪುಣತನವಲ್ಲ, ಲೆಕ್ಕಾಚಾರ.

ಬ್ಯಾಂಕ್ ಕಾರ್ಡಿನ ರಿಯಾಯಿತಿಗೆ ಸಾಮಾನ್ಯವಾಗಿ ಇನ್ನೊಂದು ಮಿತಿ ಇರುತ್ತದೆ: ‘10%, ಗರಿಷ್ಠ 1,500 ರೂಪಾಯಿ’. 30,000ದ ಟಿವಿಗೆ ಅಂಗಡಿಯ ಶೇಕಡಾ 20 ಕಳೆದರೆ 24,000. ಕಾರ್ಡಿನ ಶೇಕಡಾ 10 ಎಂದರೆ 2,400 ಆಗಬೇಕು, ಆದರೆ 1,500ಕ್ಕೆ ನಿಲ್ಲುತ್ತದೆ. ಕೊನೆಗೆ ಕೊಡುವುದು 22,500. ಕೂಡಿಸಿ ನೋಡಿದವರು 30 ಎಂದುಕೊಂಡರು, ಗುಣಿಸಿ ನೋಡಿದವರು 28 ಎಂದುಕೊಂಡರು, ಬಂದದ್ದು 25. ಇದಕ್ಕೆ ಯಾವ ಸೂತ್ರವೂ ಬೇಡ. ಕೊಟ್ಟ ಹಣವನ್ನು ಚೀಟಿಯ ಬೆಲೆಯಿಂದ ಭಾಗಿಸಿದರೆ ಸಾಕು. 22,500ನ್ನು 30,000ದಿಂದ ಭಾಗಿಸಿದರೆ 0.75. ನೂರಕ್ಕೆ 75 ಕೊಟ್ಟಿದ್ದೇವೆ, 25 ಉಳಿಯಿತು. ಹಾಗೆಯೇ, ಎರಡೂ ರಿಯಾಯಿತಿಗಳನ್ನು ಮೂಲ ಬೆಲೆಯ ಮೇಲೇ ಲೆಕ್ಕ ಹಾಕುತ್ತೇವೆ ಎಂದು ಅಂಗಡಿಯವರು ಒಪ್ಪಿದ್ದರೆ ಆಗ ಕೂಡುವುದೇ ಸರಿ. ಹಾಗೆ ಒಪ್ಪಿದ್ದರೋ ಇಲ್ಲವೋ ಎಂಬುದೂ ಈ ಒಂದು ಭಾಗಾಕಾರದಲ್ಲಿ ಗೊತ್ತಾಗುತ್ತದೆ.

ಏರಿಕೆ ಇಳಿಕೆಗಳೂ ಹೀಗೆಯೇ. 4,000ದ ವಸ್ತುವಿನ ಬೆಲೆಯನ್ನು ಶೇಕಡಾ 25 ಏರಿಸಿ 5,000 ಮಾಡಿ, ಶೇಕಡಾ 20 ಬಿಟ್ಟರೆ ಮತ್ತೆ 4,000. ಪೋಸ್ಟರಿನಲ್ಲಿ 20 ಇದೆ, ಕಿಸೆಯಲ್ಲಿ ಸೊನ್ನೆ.

ರಿಯಾಯಿತಿಯ ನಂತರ ತೆರಿಗೆ ಸೇರಿಸುವುದು ಇದೇ ಜಾತಿಯದು, ಮತ್ತು ಇದರ ವಿಚಾರದಲ್ಲಿ ತೀರ್ಪೇ ಬಂದಿದೆ. ‘ಫ್ಲಾಟ್ 40%’ ಎಂದು ಜಾಹೀರಾತು ಕೊಟ್ಟು, ಎಂಆರ್‌ಪಿಯಲ್ಲಿ 40 ಕಳೆದು, ಅದರ ಮೇಲೆ ವ್ಯಾಟ್ ಹಾಕಿದ ಪ್ರಕರಣದಲ್ಲಿ 2017ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಕಾರಣ ಸರಳ: ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ. ಈಗ ವ್ಯಾಟ್ ಜಾಗದಲ್ಲಿ ಜಿಎಸ್‌ಟಿ ಇದೆ, ಲೆಕ್ಕ ಬದಲಾಗಿಲ್ಲ. 2,000 ರೂಪಾಯಿ ಎಂಆರ್‌ಪಿಯ ಅಂಗಿಗೆ 40 ಬಿಟ್ಟರೆ 1,200. ಅದರ ಮೇಲೆ ಶೇಕಡಾ 5ರ ತೆರಿಗೆ ಸೇರಿಸಿದರೆ 1,260. ಸಿಕ್ಕ ರಿಯಾಯಿತಿ 37 ಆಯಿತು. 40ರಲ್ಲಿ 5 ಕಳೆದು 35 ಆಗಲಿಲ್ಲ, ಏಕೆಂದರೆ ತೆರಿಗೆಯ ಶೇಕಡಾ 5 ಬಿದ್ದದ್ದು ಇಳಿದ ಬೆಲೆಯ ಮೇಲೆ.

ಬಿಲ್ಲಿನಲ್ಲಿ ಜಿಎಸ್‌ಟಿ ಎಂಬ ಸಾಲು ಕಂಡ ಕೂಡಲೇ ಜಗಳಕ್ಕೆ ನಿಲ್ಲಬೇಕಿಲ್ಲ. ಸರಿಯಾದ ಬಿಲ್ಲಿನಲ್ಲೂ ಆ ಸಾಲು ಇರುತ್ತದೆ: ಅಂಗಿಯ ಬೆಲೆ 1,142.86, ತೆರಿಗೆ 57.14 ಎಂದು ಬಿಡಿಸಿ ತೋರಿಸಿರುತ್ತಾರೆ. ಎರಡೂ ಸೇರಿ 1,200 ಆದರೆ ತೆರಿಗೆ ಒಳಗೇ ಇದೆ. 1,260 ಆದರೆ ಅದನ್ನು ಮೇಲಿಂದ ಹಾಕಿದ್ದಾರೆ, ಆಗ ಅಂಗಿಯ ಚೀಟಿ ತೋರಿಸಿ 60 ರೂಪಾಯಿ ವಾಪಸು ಕೇಳಬಹುದು.