ಮುಹೂರ್ತ ಏಳಕ್ಕೆ, ಊಟ ಹನ್ನೆರಡೂವರೆಗೆ

ಗೃಹಪ್ರವೇಶದ ಕಾರ್ಡು ಕೈಗೆ ಬಂದೊಡನೆ ಜನರ ಕಣ್ಣು ಹುಡುಕುವುದು ದಿನ ಯಾವುದು, ಎಷ್ಟು ಹೊತ್ತಿಗೆ ಹೋಗಬೇಕು ಎಂಬುದನ್ನು. ಅಚ್ಚಾದ ಕಾರ್ಡಿನಲ್ಲಿ ಇವು ಇದ್ದೇ ಇರುತ್ತವೆ. ಆದರೆ ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ನಕ್ಷತ್ರ ಎಲ್ಲ ದಾಟಿಕೊಂಡು ಅಲ್ಲಿಗೆ ಹೋಗಬೇಕು. ಪುರೋಹಿತರಿಗೆ ಅದೇ ಮುಖ್ಯ, ಸರಿ. ಪಕ್ಕದ ಮನೆಯ ಅಜ್ಜಿಗೆ ಬೇಕಾದದ್ದು ಮಾತ್ರ ಬೇರೆ: ಬೆಳಗಿನ ಜಾವ ಎದ್ದು ಬರಬೇಕೋ, ಊಟದ ಹೊತ್ತಿಗೆ ಬಂದರೆ ಸಾಕೋ?

ಈಗ ಬಹಳ ಮನೆಗಳಲ್ಲಿ ಕಾರ್ಡಿನ ಜೊತೆಗೆ, ಕೆಲವೊಮ್ಮೆ ಕಾರ್ಡಿನ ಬದಲಿಗೇ, ಆಡುಮಾತಿನ ಒಂದು ಕರೆಯೋಲೆ ವಾಟ್ಸ್‌ಆಪ್‌ನಲ್ಲಿ ಹೋಗುತ್ತದೆ. ನಾಲ್ಕು ಸಾಲು ತಾನೇ ಎಂದು ಹಗುರವಾಗಿ ಬರೆದುಬಿಡುವವರೇ ಹೆಚ್ಚು. ಎಡವಟ್ಟಾಗುವುದೂ ಅಲ್ಲೇ.

ಮೊದಲ ಎಡವಟ್ಟು ದಿನದ್ದು. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಕ್ಯಾಲೆಂಡರಿನಲ್ಲಿ ನಡುರಾತ್ರಿಗೆ. ಶುಕ್ರವಾರ ನಸುಕಿನ 4.45ಕ್ಕೆ ಮುಹೂರ್ತವಿದ್ದರೆ ಪಂಚಾಂಗದ ಪ್ರಕಾರ ಅದಿನ್ನೂ ಗುರುವಾರ. ಪುರೋಹಿತರು ಬರೆದುಕೊಟ್ಟ ಚೀಟಿಯನ್ನು ಹಾಗೇ ಇಳಿಸಿಕೊಂಡು ‘ಗುರುವಾರ ಬೆಳಗಿನ ಜಾವ 4.45’ ಎಂದು ಕಳಿಸಿದರೆ ದೂರದ ಊರಿನ ನೆಂಟರು ಇಪ್ಪತ್ತನಾಲ್ಕು ಗಂಟೆ ಮೊದಲೇ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಾರೆ. ಹಿರಿಯರು ಇದಕ್ಕೆಂದೇ ‘ಗುರುವಾರ, ಬೆಳಗಾದರೆ ಶುಕ್ರವಾರ’ ಎಂದು ಬಿಡಿಸಿ ಹೇಳುತ್ತಿದ್ದರು. ಈಗ ತಾರೀಖನ್ನೂ ವಾರವನ್ನೂ ಕ್ಯಾಲೆಂಡರಿನಂತೆ ಬರೆದು, ‘ಗುರುವಾರ ರಾತ್ರಿ ಮಲಗಿ ಎದ್ದ ಮೇಲೆ’ ಎಂಬ ಒಂದು ಮಾತು ಸೇರಿಸಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಎರಡನೆಯದು ಹೊತ್ತಿನ ಗೊಂದಲ. ಗೃಹಪ್ರವೇಶಕ್ಕೆ ಒಂದೇ ಹೊತ್ತು ಅಂತ ಇರುವುದಿಲ್ಲ. 2025ರ ಏಪ್ರಿಲ್ 30ನ್ನೇ ತೆಗೆದುಕೊಳ್ಳೋಣ. ಅಂದು ಬುಧವಾರ, ವಿಶ್ವಾವಸು ಸಂವತ್ಸರದ ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತದಿಗೆ, ನಕ್ಷತ್ರ ರೋಹಿಣಿ. ಮನೆ ಹೊಗಲು ಸ್ಥಿರ ಲಗ್ನ ಒಳ್ಳೆಯದು ಎನ್ನುವುದು ವಾಡಿಕೆ. ವೃಷಭ, ಸಿಂಹ, ವೃಶ್ಚಿಕ, ಕುಂಭ ಸ್ಥಿರ ಲಗ್ನಗಳು. ಒಂದೊಂದು ಲಗ್ನದ ಅವಧಿ ಸುಮಾರು ಎರಡು ಗಂಟೆ. ಆ ದಿನ ಬೆಂಗಳೂರಿನ ಕಡೆ ವೃಷಭ ಲಗ್ನ ಬೆಳಿಗ್ಗೆ ಏಳರ ಆಸುಪಾಸಿಗೆ ಬರುತ್ತಿತ್ತು. ಅದನ್ನು ಹಿಡಿದು ಒಂದು ಮನೆಯವರು 7ರಿಂದ 8.15ರ ಮುಹೂರ್ತ ಇಟ್ಟುಕೊಂಡರು ಎನ್ನೋಣ. ಹಾಗಾದರೆ ಹಿಂದಿನ ಸಂಜೆಯೇ ವಾಸ್ತು ಹೋಮ. ಬೆಳಿಗ್ಗೆ ಗೋಪೂಜೆ, ಆಮೇಲೆ ಕಲಶ ಹಿಡಿದು ಒಳಗೆ ಹೋಗುವುದು, ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು. ಹತ್ತೂವರೆಗೆ ಸತ್ಯನಾರಾಯಣ ಪೂಜೆ, ಹನ್ನೆರಡೂವರೆಗೆ ಊಟ.

ಇಷ್ಟನ್ನೂ ಎಲ್ಲರಿಗೂ ಹೇಳುವ ಅಗತ್ಯವಿಲ್ಲ. ಹೋಮಕ್ಕೆ ಮನೆಯವರು, ತೀರಾ ಹತ್ತಿರದವರು ಸಾಕು. ಅವರಿಗೆ ಫೋನಿನಲ್ಲೇ ಹೇಳಿರುತ್ತಾರೆ. ಉಳಿದವರಿಗೆ ಬೇಕಾದದ್ದು ಎರಡೇ ಹೊತ್ತು. ಹಾಲು ಉಕ್ಕುವುದು ಒಂದೇ ಸಲ, ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದನ್ನು ನೋಡಬೇಕೆನ್ನುವವರಿಗೆ ಕಾಲು ಗಂಟೆ ಮುಂಚಿನ ಹೊತ್ತು ಕೊಡಬೇಕು. ಮಿಕ್ಕವರಿಗೆ ಊಟದ ಹೊತ್ತು. ಬೆಳಿಗ್ಗೆ ಕರೆದವರಿಗೆ ತಿಂಡಿ ಉಂಟು ಎಂದೂ ಬರೆಯಬೇಕು. ಇಲ್ಲದಿದ್ದರೆ ಸಂಕೋಚದ ಜನ ಹಾಲು ಉಕ್ಕಿದ್ದೇ ತಡ ಮನೆಗೆ ಹೋಗಿ ತಿಂಡಿ ತಿಂದು, ಅಲ್ಲೇ ಉಳಿದುಬಿಡುತ್ತಾರೆ.

ಅಂದಹಾಗೆ, ಬುಧವಾರ 12ರಿಂದ 1.30 ರಾಹುಕಾಲ. ‘ಆ ಹೊತ್ತಿಗೆ ಊಟವೇ?’ ಎಂದು ಕೇಳುವವರೂ ಇದ್ದಾರೆ. ಒಳ್ಳೆಯ ಕೆಲಸ ಶುರು ಮಾಡುವುದಕ್ಕೆ ರಾಹುಕಾಲ ನೋಡುತ್ತಾರೆಯೇ ಹೊರತು ಹೋಳಿಗೆ ತಿನ್ನುವುದಕ್ಕಲ್ಲ.

ಅಕ್ಕಪಕ್ಕದವರಿಗೆ ಹೋಗುವ ಓಲೆ ಹೀಗಿರಬಹುದು:

‘ಎಲ್ಲರಿಗೂ ನಮಸ್ಕಾರ. ನಮ್ಮ ಮರಳು, ಜಲ್ಲಿ, ಟೈಲ್ಸ್ ಕೊಯ್ಯುವ ಸದ್ದು ಎಲ್ಲ ಸಹಿಸಿಕೊಂಡು ನಮಗೆ ನೀರು, ಕಾಫಿ ಕೊಟ್ಟಿದ್ದೀರಿ. ಅಂತೂ ಮನೆ ಮುಗೀತು. ಇದೇ ಏಪ್ರಿಲ್ 30, ಬುಧವಾರ, ಅಕ್ಷಯ ತದಿಗೆ ದಿನ ಗೃಹಪ್ರವೇಶ. ಹಾಲು ಉಕ್ಕಿಸೋದು ನೋಡೋಕೆ ಬೆಳಿಗ್ಗೆ 6.45ಕ್ಕೆ ಬನ್ನಿ, ತಿಂಡಿ ನಮ್ಮಲ್ಲೇ. ಬೆಳಿಗ್ಗೆ ಆಗದವರು ಊಟಕ್ಕಂತೂ ಬರಲೇಬೇಕು, 12.30ರಿಂದ 3ರವರೆಗೆ ಟೆರೇಸ್ ಮೇಲೆ ಪಂಕ್ತಿ ನಡೀತಿರುತ್ತೆ. ಆ ದಿನ ನಿಮ್ಮ ಮನೆಯಲ್ಲಿ ಒಲೆ ಹಚ್ಚಬೇಡಿ, ಮನೆಮಂದಿಯೆಲ್ಲ ಬನ್ನಿ. ಉಡುಗೊರೆ ಏನೂ ಬೇಡ. ಎಷ್ಟು ಜನ ಅಂತ ಭಾನುವಾರದೊಳಗೆ ಒಂದು ಮಾತು ಹೇಳಿದ್ರೆ ಅಡುಗೆಯವರಿಗೆ ತಿಳಿಸ್ತೀವಿ. – ಮೂಲೆ ಮನೆಯವರು’

ನೆಂಟರಿಗಾದರೆ ಮೊದಲ ಸಾಲುಗಳು ಬದಲಾಗುತ್ತವೆ. ಅವರು ಜಲ್ಲಿಯ ಧೂಳು ಕುಡಿದವರಲ್ಲ. ‘ಮನೆ ಎಲ್ಲಿಗೆ ಬಂತು?’ ಎಂದು ಪ್ರತಿ ಮದುವೆಯಲ್ಲೂ ಕೇಳಿದವರು. ಅವರಿಗೆ ದಾರಿ ಹೇಳಬೇಕು. ಹೊಸ ಬಡಾವಣೆಗಳಲ್ಲಿ ಮ್ಯಾಪ್ ಒಮ್ಮೊಮ್ಮೆ ಹಿಂದಿನ ರಸ್ತೆಗೆ ಕೊಂಡೊಯ್ದು ನಿಲ್ಲಿಸುತ್ತದೆ. ಆದ್ದರಿಂದ ಲೊಕೇಶನ್ ಜೊತೆಗೆ ‘ನೀರಿನ ಟ್ಯಾಂಕಿನ ಎದುರು ಬೀದಿ, ಬಲಗಡೆ ಶಾಮಿಯಾನ ಹಾಕಿದ ಮನೆ’ ಎಂಬ ಗುರುತೂ ಬೇಕು. ರಾತ್ರಿ ಬಸ್ಸಿಗೆ ಬರುವವರಿಗೆ ಸ್ನಾನ, ಬಟ್ಟೆ ಬದಲಿಸಲು ಎಲ್ಲಿ ವ್ಯವಸ್ಥೆ ಎಂದು ತಿಳಿಸಬೇಕು. ಹಾಲು ಉಕ್ಕುವ ಮೊದಲು ಹೊಸ ಮನೆಯ ಬಚ್ಚಲು ಬಳಸಲು ಒಪ್ಪದವರು ಹಲವರಿದ್ದಾರೆ.

ಎಷ್ಟು ಜನ ಎಂದು ಕೇಳುವುದು ಕೆಲವರಿಗೆ ಮುಜುಗರ. ಅಡುಗೆಯವರು ಮಾತ್ರ ಕೇಳುವುದೇ ‘ಎಷ್ಟು ಎಲೆ?’ ಎಂದು. ಮೂವತ್ತು–ನಲವತ್ತರ ಸೈಟಿನ ಟೆರೇಸಿನಲ್ಲಿ, ಅಡಿಗೆ ಹೊರಗಿಟ್ಟರೂ, ಒಂದು ಪಂಕ್ತಿಗೆ ಐವತ್ತು ಎಲೆ ಹಾಕಿದರೆ ಹೆಚ್ಚು. ಬಡಿಸಿ, ಉಂಡು, ಎತ್ತಿ, ಒರೆಸಲು ನಲವತ್ತು ನಿಮಿಷ ಹಿಡಿದರೆ ಇನ್ನೂರು ಎಲೆಗೆ ನಾಲ್ಕು ಪಂಕ್ತಿ. ಹನ್ನೆರಡೂವರೆಗೆ ಕೂತರೆ ಏಳುವಾಗ ಮೂರು ದಾಟಿರುತ್ತದೆ. ‘ಊಟ 12.30ಕ್ಕೆ’ ಎಂದಷ್ಟೇ ಬರೆದರೆ ಇನ್ನೂರು ಜನವೂ ಮೊದಲ ಪಂಕ್ತಿಗೇ ಬಂದು, ಉಣ್ಣುವವರ ಬೆನ್ನ ಹಿಂದೆ ಉಳಿದವರು ಕಾಯುತ್ತಾ ನಿಲ್ಲುತ್ತಾರೆ. ‘12.30ರಿಂದ 3ರವರೆಗೆ’ ಎಂದರೆ ಮನೆ ಪಕ್ಕದವರು ತಾವಾಗಿಯೇ ಸ್ವಲ್ಪ ತಡವಾಗಿ ಬರುತ್ತಾರೆ, ಬಸ್ಸು ಹಿಡಿಯಬೇಕಾದವರು ಮೊದಲು ಕೂರುತ್ತಾರೆ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಬರೆದರೂ ಬರಿಯ ಓಲೆಗೆ ಬಾರದ ಜನ ಇದ್ದೇ ಇರುತ್ತಾರೆ. ‘ಮೊಬೈಲಿನಲ್ಲಿ ಕಳಿಸಿದ್ದರು, ಕರೆಯಲಿಲ್ಲ’ ಎನ್ನುವುದು ನಮ್ಮಲ್ಲಿ ಹಳೆಯದಾಗದ ದೂರು. ಎದುರುಮನೆ, ಪಕ್ಕದ ಮನೆ, ಹಿರಿಯ ನೆಂಟರು – ಇವರಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು, ‘ಅಮ್ಮಾ, ಬುಧವಾರ ಖಂಡಿತ ಬರ್ಬೇಕು’ ಎಂದು ಹೇಳಿ ಬರಬೇಕು. ಓಲೆ ಕಳಿಸುವುದು ಆಮೇಲೆ, ಹೊತ್ತು ನೆನಪಿರಲಿ ಎಂದು. ಬಾಡಿಗೆಗಿದ್ದ ಹಳೆಯ ಬೀದಿಯವರನ್ನು ಮರೆಯುವುದು ಬಹಳ ಸುಲಭ. ಪಟ್ಟಿ ಬರೆಯುವಾಗ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ವಾರದ ನಡುವೆ ಮುಹೂರ್ತ ಬಿದ್ದರೆ ಕೆಲಸಕ್ಕೆ ಹೋಗುವವರಿಗೆ ಬೆಳಿಗ್ಗೆಯೂ ಆಗದು, ಮಧ್ಯಾಹ್ನವೂ ಆಗದು. ಅಂಥವರಿಗಾಗಿ ಕೊನೆಗೊಂದು ಸಾಲು ಸೇರಿಸಬಹುದು: ‘ಆಫೀಸ್ ಇರೋರು ಸಂಜೆ ಆರರ ಮೇಲೆ ಬನ್ನಿ, ಹೋಳಿಗೆ ಎತ್ತಿಟ್ಟಿರ್ತೀವಿ.’ ಬರೆದ ಮೇಲೆ ಅಡುಗೆಯವರಿಗೂ ಅದನ್ನು ಹೇಳಿರಬೇಕು, ಮೂರು ಗಂಟೆಯ ಹೊತ್ತಿಗೆ ಬುಟ್ಟಿ ಬರಿದಾಗಿರುತ್ತದೆ.