ಶಿಕ್ಷಣ ಸಾಲ: ಕಂತು ಸಾಕೇ, ಬೇಗ ತೀರಿಸಬೇಕೇ?

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷದ ನಂತರ ಶುರುವಾಗುತ್ತದೆ. ಕಂತಿಗೆ ಈ ವಿರಾಮವಿದ್ದರೂ ಬಡ್ಡಿಗೆ ವಿರಾಮವಿಲ್ಲ. ಓದಿನ ಕಾಲದ ಬಡ್ಡಿಯನ್ನು ಕಟ್ಟದೆ ಬಿಟ್ಟಿದ್ದರೆ ಕಂತು ಶುರುವಾಗುವಾಗ ಅದು ಅಸಲಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಆ ಬಡ್ಡಿಗೂ ಬಡ್ಡಿ ಬೀಳುತ್ತದೆ. ಹಾಗಾಗಿ ಕೆಲಸ ಸಿಕ್ಕವರು ಮೊದಲ ಕಂತಿಗೆ ಕಾಯದೆ, ಅಲ್ಲಿಯವರೆಗೆ ಬೆಳೆದ ಬಡ್ಡಿಯನ್ನಾದರೂ ಕಟ್ಟಿಬಿಡುವುದು ಲಾಭ.

ಒಂದು ಲೆಕ್ಕ ನೋಡಬಹುದು. ಕಂತು ಶುರುವಾಗುವಾಗ ಸಾಲ 8 ಲಕ್ಷ ರೂಪಾಯಿ, ಬಡ್ಡಿ ಶೇ 10, ಅವಧಿ 10 ವರ್ಷ ಎಂದುಕೊಂಡರೆ ತಿಂಗಳ ಕಂತು ಸುಮಾರು 10,572 ರೂಪಾಯಿ. ಮೊದಲ ಕಂತಿನಲ್ಲಿ 6,667 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲು ಕರಗುವುದು 3,905 ರೂಪಾಯಿ ಮಾತ್ರ. ಹತ್ತು ವರ್ಷ ಹೀಗೇ ಕಟ್ಟಿದರೆ ಒಟ್ಟು ಬಡ್ಡಿ ಸುಮಾರು 4.69 ಲಕ್ಷ. ಮೊದಲಿನಿಂದಲೇ ತಿಂಗಳಿಗೆ 5,000 ರೂಪಾಯಿ ಹೆಚ್ಚು ಕಟ್ಟಿದರೆ ಸಾಲ 5 ವರ್ಷ 8 ತಿಂಗಳಲ್ಲಿ ತೀರಿ, ಬಡ್ಡಿ ಸುಮಾರು 2.49 ಲಕ್ಷಕ್ಕೆ ಇಳಿಯುತ್ತದೆ.

ಹೆಚ್ಚುವರಿ ಹಣ ಕಟ್ಟುವವರು ಎಡವುವುದು ಒಂದು ಸಣ್ಣ ಆಯ್ಕೆಯಲ್ಲಿ. ಇದೇ ಸಾಲಕ್ಕೆ ಮೊದಲ ವರ್ಷದ ಕೊನೆಗೆ ಬೋನಸ್ ಹಣ 1 ಲಕ್ಷ ಕಟ್ಟಿದರು ಎನ್ನೋಣ. ಕಂತನ್ನು ಇಳಿಸಿ ಅವಧಿಯನ್ನು ಹಾಗೇ ಬಿಟ್ಟರೆ ಕಂತು ಸುಮಾರು 1,400 ರೂಪಾಯಿ ಕಡಿಮೆಯಾಗುತ್ತದೆ, ಬಡ್ಡಿಯಲ್ಲಿ ಉಳಿಯುವುದು 52,000 ರೂಪಾಯಿ. ಕಂತನ್ನು ಹಾಗೇ ಇಟ್ಟು ಅವಧಿಯನ್ನು ಇಳಿಸಿದರೆ ಸಾಲ 21 ತಿಂಗಳು ಮೊದಲೇ ಮುಗಿದು, ಸುಮಾರು 1.25 ಲಕ್ಷ ಉಳಿಯುತ್ತದೆ. ಕಟ್ಟಿದ ಹಣ ಒಂದೇ, ಉಳಿತಾಯ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಈ ಹಣ ಅಸಲಿಗೆ ಜಮಾ ಆಗಬೇಕು, ಅವಧಿ ಇಳಿಯಬೇಕು ಎಂದು ಬ್ಯಾಂಕಿಗೆ ಬರೆದು ಕೊಡಬೇಕು. ಮುಂದಿನ ತಿಂಗಳ ಸಾಲದ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ ಅಸಲು ಅಷ್ಟು ಇಳಿದಿದೆಯೇ ಎಂದು ನೋಡಬೇಕು. ಇಳಿಯದಿದ್ದರೆ ಹಣ ಮುಂಗಡ ಕಂತಾಗಿ ಸೇರಿರಬಹುದು. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸ್ಥಿರ ದರದ ಸಾಲವಾದರೆ ಒಪ್ಪಂದ ಪತ್ರ ಓದಿಕೊಳ್ಳಬೇಕು.

ಹಾಗೆಂದು ಇದ್ದಬದ್ದ ಹಣವನ್ನೆಲ್ಲ ಸಾಲಕ್ಕೆ ಸುರಿಯುವುದು ತಪ್ಪು. ಒಮ್ಮೆ ಕಟ್ಟಿದ ಹಣ ತುರ್ತಿಗೆ ವಾಪಸ್ ಸಿಗುವುದಿಲ್ಲ, ಹೊಸ ಕೆಲಸ ಹೋಗಲೂಬಹುದು. ಮೂರ್ನಾಲ್ಕು ತಿಂಗಳ ಮನೆಖರ್ಚು ಮತ್ತು ಕಂತಿನಷ್ಟು ಹಣ ಮೊದಲು ಕೈಯಲ್ಲಿರಲಿ. ಕ್ರೆಡಿಟ್ ಕಾರ್ಡ್ ಬಾಕಿಯಿದ್ದರೆ ಅದೇ ಮೊದಲು ತೀರಲಿ, ಅದರ ಬಡ್ಡಿ ಶಿಕ್ಷಣ ಸಾಲದ ಹಲವು ಪಟ್ಟು.

ಆದಾಯ ತೆರಿಗೆಯ 80ಇ ವಿನಾಯಿತಿ ತಪ್ಪಿಹೋಗುತ್ತದೆಂದು ಸಾಲವನ್ನು ಎಳೆಯುವವರೂ ಇದ್ದಾರೆ. ಆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ, ಬಡ್ಡಿಗೆ ಮಾತ್ರ, ಗರಿಷ್ಠ 8 ವರ್ಷ. ಶೇ 20ರ ತೆರಿಗೆ ಹಂತದಲ್ಲಿರುವವರಿಗೆ 100 ರೂಪಾಯಿ ಬಡ್ಡಿ ಕಟ್ಟಿದರೆ ಉಳಿಯುವುದು ಸುಮಾರು 20 ರೂಪಾಯಿ. ಉಳಿದ 80 ರೂಪಾಯಿ ಬ್ಯಾಂಕಿಗೇ ಹೋಗುತ್ತದೆ.